ರಸಾಯನಶಾಸ್ತ್ರ ವಿಭಾಗಕ್ಕೆ ಎಷ್ಟು ಹಣ ಬೇಕು?

ಜನವರಿ ಮುಗಿಯುವ ಹೊತ್ತಿಗೆ ಕಾಲೇಜಿನ ಕಚೇರಿಯಿಂದ ಎಲ್ಲ ವಿಭಾಗಗಳಿಗೂ ಒಂದು ಸುತ್ತೋಲೆ ಬರುತ್ತದೆ: ಮುಂದಿನ ಆರ್ಥಿಕ ವರ್ಷದ ಅಂದಾಜು ವೆಚ್ಚವನ್ನು ಹದಿನೈದು ದಿನದೊಳಗೆ ಕಳಿಸಿ. ವಿಭಾಗದ ಮುಖ್ಯಸ್ಥರು ಕಳೆದ ವರ್ಷದ ಕಡತ ತೆಗೆಸುತ್ತಾರೆ. ರಾಸಾಯನಿಕಗಳಿಗೆ ಇಷ್ಟು, ಉಪಕರಣಗಳ ನಿರ್ವಹಣೆಗೆ ಇಷ್ಟು, ಸೆಮಿನಾರಿಗೆ ಇಷ್ಟು. ಎಲ್ಲದರ ಮೇಲೂ ಶೇಕಡಾ 5 ಹಾಕಿ, ಮೊತ್ತವನ್ನು ಸಾವಿರಕ್ಕೆ ಸರಿಮಾಡಿ, ಸಹಿ ಹಾಕಿ ಕಳಿಸುತ್ತಾರೆ. ಒಂದು ಮಧ್ಯಾಹ್ನದ ಕೆಲಸ.

ಲೆಕ್ಕಶಾಸ್ತ್ರದವರು ಇದನ್ನು ಇನ್‌ಕ್ರಿಮೆಂಟಲ್ ಬಜೆಟ್ ಎನ್ನುತ್ತಾರೆ. ನಾವು ಏರಿಕೆ ಬಜೆಟ್ ಎನ್ನೋಣ. ಕಳೆದ ವರ್ಷದ ಖರ್ಚು ಸರಿಯಾಗಿಯೇ ಇತ್ತು ಎಂದು ಒಪ್ಪಿಕೊಂಡು, ಅದರ ಮೇಲೆ ಎಷ್ಟು ಸೇರಿಸಬೇಕು ಎಂಬುದನ್ನಷ್ಟೇ ಇದು ಚರ್ಚೆಗೆ ತರುತ್ತದೆ. ಇದರ ಎದುರು ನಿಲ್ಲುವುದು ಶೂನ್ಯಾಧಾರಿತ ಬಜೆಟ್. ಅಲ್ಲಿ ಕಳೆದ ವರ್ಷ ಎಷ್ಟು ಸಿಕ್ಕಿತ್ತು ಎಂಬುದು ಲೆಕ್ಕಕ್ಕೇ ಬರುವುದಿಲ್ಲ. ಪ್ರತಿ ರೂಪಾಯಿಯೂ ತಾನು ಯಾಕೆ ಬೇಕು ಎಂದು ಹೊಸದಾಗಿ ಹೇಳಿಕೊಳ್ಳಬೇಕು.

ಹೀಗೆ ಹೇಳಿದಾಗ ಎರಡನೆಯದೇ ನ್ಯಾಯವಾದದ್ದು, ಮೊದಲನೆಯದು ಸೋಮಾರಿಗಳ ದಾರಿ ಎನ್ನಿಸುತ್ತದೆ. ಲೆಕ್ಕ ಬಿಡಿಸಿ ನೋಡಿದರೆ ಮಾತು ಅಷ್ಟು ಸಲೀಸಲ್ಲ. ಜಿಲ್ಲಾ ಕೇಂದ್ರವೊಂದರ ಅನುದಾನಿತ ಪದವಿ ಕಾಲೇಜಿನ ರಸಾಯನಶಾಸ್ತ್ರ ವಿಭಾಗ ಎಂದು ಒಂದು ಉದಾಹರಣೆ ಕಟ್ಟಿಕೊಂಡು ನೋಡೋಣ. ಅಂಕಿಗಳು ಕಲ್ಪಿತ. ಅವುಗಳ ಹಿಂದಿರುವ ತೊಡಕುಗಳನ್ನು ಮಾತ್ರ ಇಂಥ ವಿಭಾಗದಲ್ಲಿ ಕೆಲಸ ಮಾಡಿದ ಯಾರೂ ಗುರುತಿಸಬಲ್ಲರು.

ಹಳೆಯ ಹಾಳೆಯಲ್ಲಿ ಅಡಗಿದ್ದು

ಈ ವಿಭಾಗಕ್ಕೆ ಕಳೆದ ವರ್ಷ ಸಂಬಳ ಬಿಟ್ಟು 6,00,000 ರೂಪಾಯಿ ಸಿಕ್ಕಿತ್ತು. ರಾಸಾಯನಿಕ, ಗಾಜಿನ ಸಾಮಾನು, ಗ್ಯಾಸ್ ಸೇರಿ 2,90,000. ಉಪಕರಣಗಳ ವಾರ್ಷಿಕ ನಿರ್ವಹಣೆ ಗುತ್ತಿಗೆಗೆ, ಅಂದರೆ ಎಎಂಸಿಗೆ, 90,000. ಮುದ್ರಿತ ಜರ್ನಲ್‌ಗಳಿಗೆ 60,000. ಸೆಮಿನಾರಿಗೆ 1,00,000. ಕೈಗಾರಿಕಾ ಭೇಟಿಗೆ 30,000, ಸ್ಟೇಷನರಿ ಮತ್ತು ಇತರೆಗೆ 30,000. ಏರಿಕೆ ಪದ್ಧತಿಯಲ್ಲಿ ಮುಂದಿನ ವರ್ಷದ ಬೇಡಿಕೆ 6,30,000.

ಈ ಪದ್ಧತಿ ಇಷ್ಟು ಕಾಲ ಬಾಳಿರುವುದಕ್ಕೆ ಕಾರಣವಿದೆ. ವರ್ಷದಿಂದ ವರ್ಷಕ್ಕೆ ವಿಭಾಗದ ಕೆಲಸ ಹೆಚ್ಚೇನೂ ಬದಲಾಗುವುದಿಲ್ಲ. ಭೌತಶಾಸ್ತ್ರದವರಿಗೆ ಎಷ್ಟು, ಕನ್ನಡ ವಿಭಾಗಕ್ಕೆ ಎಷ್ಟು ಎಂಬ ಜಗಳ ಪ್ರತಿ ವರ್ಷ ಹೊಸದಾಗಿ ಏಳುವುದಿಲ್ಲ. ಎಷ್ಟು ಬರುತ್ತದೆ ಎಂದು ಮೊದಲೇ ಗೊತ್ತಿರುವುದರಿಂದ ಖರೀದಿಯ ಕೊಟೇಶನ್‌ಗಳನ್ನು ಹೊತ್ತಿಗೆ ಸರಿಯಾಗಿ ಕರೆಯಬಹುದು.

ತೊಂದರೆ ಇರುವುದು ತಳಹದಿಯಲ್ಲಿ. ಸೆಮಿನಾರಿನ ಒಂದು ಲಕ್ಷವನ್ನೇ ನೋಡಿ. ಅದು ಒಂದು ವರ್ಷ ರಾಷ್ಟ್ರೀಯ ವಿಚಾರ ಸಂಕಿರಣಕ್ಕೆಂದು ಒಂದೇ ಸಲಕ್ಕೆ ಕೊಟ್ಟ ಹಣ. ಸಂಕಿರಣ ಮುಗಿಯಿತು, ಶೀರ್ಷಿಕೆ ಹಾಳೆಯಲ್ಲೇ ಉಳಿಯಿತು, ಮುಂದಿನ ವರ್ಷ ಅದರ ಮೇಲೂ ಶೇಕಡಾ 5 ಏರಿತು. ಎಎಂಸಿಯ ಪಟ್ಟಿಯಲ್ಲಿ ಒಂದು ಫ್ಲೇಮ್ ಫೋಟೋಮೀಟರ್ ಇದೆ. ಅದರ ಪ್ರಯೋಗ ಪಠ್ಯಕ್ರಮದಿಂದ ಹೋಗಿದೆ, ಯಂತ್ರದ ಮೇಲೆ ಬಟ್ಟೆ ಹೊದಿಸಿದೆ, ಗುತ್ತಿಗೆ ಮಾತ್ರ ವರ್ಷವರ್ಷ ನವೀಕರಣವಾಗುತ್ತಿದೆ. ಕರ್ನಾಟಕದ ಪದವಿ ತರಗತಿಗಳು 2021–22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ಪಠ್ಯಕ್ರಮಕ್ಕೆ ಹೊರಳಿ, 2024–25ರಿಂದ ಮತ್ತೆ ಮೂರು ವರ್ಷದ ಪದವಿಗೆ ಮರಳಿದವು. ಪ್ರಯೋಗಗಳ ಪಟ್ಟಿ ಎರಡೆರಡು ಸಲ ಬದಲಾದರೂ ರಾಸಾಯನಿಕಗಳ ಇಂಡೆಂಟ್ ಹಳೆಯದೇ ಇರುವ ಕಪಾಟುಗಳು ಬೇಕಾದಷ್ಟಿವೆ.

ಇನ್ನೊಂದು ದೋಷ ಕಣ್ಣಿಗೆ ಬೀಳುವುದು ಇನ್ನೂ ಕಷ್ಟ. ಹಾಳೆಯಲ್ಲಿ ಇರುವುದು ಬೆಳೆಯುತ್ತದೆ, ಇಲ್ಲದ್ದಕ್ಕೆ ಒಳಗೆ ಬರಲು ಬಾಗಿಲೇ ಇಲ್ಲ. ಈ ವಿಭಾಗದ ಬಜೆಟ್ಟಿನಲ್ಲಿ ರಾಸಾಯನಿಕ ತ್ಯಾಜ್ಯದ ವಿಲೇವಾರಿಗೆ ಶೀರ್ಷಿಕೆಯಿಲ್ಲ. ಕಣ್ಣು ತೊಳೆಯುವ ನಳಿಕೆಗೂ ಅಗ್ನಿಶಾಮಕ ಸಿಲಿಂಡರಿನ ಮರುಪೂರಣಕ್ಕೂ ಇಲ್ಲ. ಮೊದಲ ವರ್ಷ ಯಾರೂ ಬರೆಯಲಿಲ್ಲ, ಆದ್ದರಿಂದ ಇಂದಿಗೂ ಇಲ್ಲ. ಸೊನ್ನೆಗೆ ಶೇಕಡಾ 5 ಸೇರಿಸಿದರೆ ಸೊನ್ನೆಯೇ.

ಸೊನ್ನೆಯಿಂದ ಕಟ್ಟುವ ಬಗೆ

ಶೂನ್ಯಾಧಾರಿತ ಬಜೆಟ್ಟಿಗೆ ಈಗಿರುವ ರೂಪ ಕೊಟ್ಟವರು ಅಮೆರಿಕದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯಲ್ಲಿದ್ದ ಪೀಟರ್ ಪಿರ್. 1970ರಲ್ಲಿ ಹಾರ್ವರ್ಡ್ ಬಿಸಿನೆಸ್ ರಿವ್ಯೂನಲ್ಲಿ ಬಂದ ಅವರ ಲೇಖನ ಓದಿ, ಜಾರ್ಜಿಯಾ ರಾಜ್ಯದ ಗವರ್ನರ್ ಆಗಿದ್ದ ಜಿಮ್ಮಿ ಕಾರ್ಟರ್ ಅವರನ್ನು ಕರೆಸಿಕೊಂಡರು. ಭಾರತದಲ್ಲಿ 1983ರಲ್ಲಿ ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ ಇದನ್ನು ಮೊದಲು ಕೈಗೆತ್ತಿಕೊಂಡಿತು. 1986–87ರ ಬಜೆಟ್ಟಿನ ಹೊತ್ತಿಗೆ ಉಳಿದ ಸಚಿವಾಲಯಗಳಿಗೂ ಸೂಚನೆ ಹೋಯಿತು.

ಪಿರ್ ಹೇಳಿದ ಕ್ರಮದಲ್ಲಿ ಮೂರು ಹೆಜ್ಜೆಗಳಿವೆ. ಮೊದಲು ವಿಭಾಗದ ಕೆಲಸವನ್ನು ಬೇರೆ ಬೇರೆ ಘಟಕಗಳಾಗಿ ಬಿಡಿಸಬೇಕು: ಪ್ರಯೋಗಾಲಯ, ಉಪಕರಣ, ಓದು, ಭೇಟಿ ಹೀಗೆ. ಆಮೇಲೆ ಪ್ರತಿ ಘಟಕಕ್ಕೂ ‘ಡಿಸಿಷನ್ ಪ್ಯಾಕೇಜ್’ ಎಂಬ ಒಂದೊಂದು ಪುಟ ಬರೆಯಬೇಕು. ಈ ಕೆಲಸ ಯಾಕೆ, ಬೇರೆ ದಾರಿಯಲ್ಲಿ ಮಾಡಿದರೆ ಎಷ್ಟಾಗುತ್ತದೆ, ಮಾಡದಿದ್ದರೆ ಏನು ನಷ್ಟ ಎಂಬುದು ಆ ಪುಟದಲ್ಲಿರಬೇಕು. ಒಂದೇ ಕೆಲಸಕ್ಕೆ ಎರಡು ಮೂರು ಮಟ್ಟದ ಪ್ಯಾಕೇಜುಗಳೂ ಇರಬಹುದು. ಇದಕ್ಕಿಂತ ಕಡಿಮೆಯಾದರೆ ಕೆಲಸವನ್ನೇ ನಿಲ್ಲಿಸುವುದು ವಾಸಿ ಎನ್ನುವುದು ಕನಿಷ್ಠ ಮಟ್ಟ. ಅದರ ಮೇಲಿನ ಪ್ರತಿ ಮಟ್ಟಕ್ಕೂ ಹೆಚ್ಚುವರಿ ಹಣ ಎಷ್ಟು, ಹೆಚ್ಚುವರಿ ಫಲ ಏನು ಎಂದು ಬರೆಯಬೇಕು. ಕೊನೆಗೆ ಎಲ್ಲ ಪ್ಯಾಕೇಜುಗಳನ್ನೂ ಮಹತ್ವದ ಕ್ರಮದಲ್ಲಿ ಜೋಡಿಸಬೇಕು. ಹಣ ಎಲ್ಲಿ ಮುಗಿಯುತ್ತದೋ ಅಲ್ಲಿ ಒಂದು ಗೆರೆ ಎಳೆದರೆ ಬಜೆಟ್ ಸಿದ್ಧ.

ಬ್ಯೂರೆಟ್ಟಿನ ತನಕ ಇಳಿದ ಲೆಕ್ಕ

ಈ ಕ್ರಮದ ಸತ್ವ ಇರುವುದು ಎರಡನೇ ಹೆಜ್ಜೆಯ ‘ಬೇರೆ ದಾರಿ’ ಎಂಬ ಪ್ರಶ್ನೆಯಲ್ಲಿ. ಒಂದೇ ಒಂದು ಪ್ರಯೋಗವನ್ನು ಹತ್ತಿರದಿಂದ ನೋಡೋಣ: ಸಿಲ್ವರ್ ನೈಟ್ರೇಟ್ ಬಳಸಿ ನೀರಿನಲ್ಲಿರುವ ಕ್ಲೋರೈಡ್ ಅಳೆಯುವ ಟೈಟ್ರೇಷನ್. ಅದರ ತುಂಬ ಬೆಳ್ಳಿಯೇ ಇರುವುದರಿಂದ ಕಪಾಟಿನ ದುಬಾರಿ ಬಾಟಲಿಗಳಲ್ಲಿ ಅದೂ ಒಂದು.

ನಮ್ಮ ವಿಭಾಗ 0.05 ನಾರ್ಮಲ್ ದ್ರಾವಣ ಮಾಡಿಕೊಳ್ಳುತ್ತಿದೆ ಎನ್ನಿ. ಮೂರು ಸಲ ಟೈಟ್ರೇಷನ್, ಬ್ಯೂರೆಟ್ ತೊಳೆಯುವುದು ಎಲ್ಲ ಸೇರಿ ಒಬ್ಬ ವಿದ್ಯಾರ್ಥಿಗೆ 100 ಮಿಲಿಲೀಟರ್ ಬೇಕು. ಅದರಲ್ಲಿ 0.85 ಗ್ರಾಂ ಸಿಲ್ವರ್ ನೈಟ್ರೇಟ್ ಇರುತ್ತದೆ. 80 ವಿದ್ಯಾರ್ಥಿಗಳಿಗೆ 68 ಗ್ರಾಂ. ಗ್ರಾಮಿಗೆ 150 ರೂಪಾಯಿ ಹಿಡಿದರೆ ಒಂದೇ ಪ್ರಯೋಗಕ್ಕೆ 10,200 ರೂಪಾಯಿ. ಏರಿಕೆ ಬಜೆಟ್ಟಿನಲ್ಲಿ ಈ ಅಂಕಿ ‘ರಾಸಾಯನಿಕಗಳು’ ಎಂಬ ಒಂದು ಸಾಲಿನೊಳಗೆ ಮುಳುಗಿರುತ್ತದೆ, ಯಾರ ಕಣ್ಣಿಗೂ ಬೀಳುವುದಿಲ್ಲ.

ಬೇರೆ ದಾರಿ ಇದೆಯೇ ಎಂದು ಕೇಳಿದಾಗ ಉತ್ತರ ನೀರು ಪರೀಕ್ಷೆಯ ಲ್ಯಾಬುಗಳಲ್ಲೇ ಸಿಗುತ್ತದೆ. ಅಲ್ಲಿ ಇದೇ ಪರೀಕ್ಷೆಗೆ 0.0141 ನಾರ್ಮಲ್ ದ್ರಾವಣ ಬಳಸುವುದು ರೂಢಿ. ಆ ಲೆಕ್ಕದಲ್ಲಿ ಒಬ್ಬರಿಗೆ 0.24 ಗ್ರಾಂ, 80 ಜನಕ್ಕೆ ಸುಮಾರು 19 ಗ್ರಾಂ, ಖರ್ಚು ಸುಮಾರು 2,900 ರೂಪಾಯಿ. ವಿದ್ಯಾರ್ಥಿ ಕಲಿಯುವುದರಲ್ಲಿ ಕೊರತೆಯಿಲ್ಲ. ಆದರೆ ಕೊಡುವ ಉಪ್ಪಿನ ದ್ರಾವಣವನ್ನೂ ಅದೇ ಪ್ರಮಾಣದಲ್ಲಿ ತೆಳು ಮಾಡಬೇಕು. ಇಟ್ಟಿಗೆ ಕೆಂಪು ಬಣ್ಣ ಮೂಡುವ ಗಳಿಗೆ ತುಸು ಮಸುಕಾಗುವುದರಿಂದ ಬ್ಲ್ಯಾಂಕ್ ಟೈಟ್ರೇಷನ್ ಮಾಡಿ ಆ ಓದನ್ನು ಕಳೆಯಬೇಕು. ಇದನ್ನು ಬಲ್ಲವರು ಲ್ಯಾಬಿನಲ್ಲಿ ನಿಂತು ಪಾಠ ಮಾಡುವವರೇ ಹೊರತು ಲೆಕ್ಕಪತ್ರ ಶಾಖೆಯವರಲ್ಲ. ಶೂನ್ಯಾಧಾರಿತ ಬಜೆಟ್ ಕೆಳಗಿನಿಂದ ಮೇಲಕ್ಕೆ ಕಟ್ಟಬೇಕಾದದ್ದು ಎನ್ನುವುದು ಈ ಕಾರಣಕ್ಕೆ.

ಹೀಗೆ ಪ್ರಯೋಗ ಪ್ರಯೋಗಕ್ಕೂ ಲೆಕ್ಕ ಹಾಕಿ, ಸ್ಟಾಕ್ ರಿಜಿಸ್ಟರಿನಲ್ಲಿ ಉಳಿದಿರುವುದನ್ನು ಕಳೆದಾಗ ಲ್ಯಾಬಿಗೆ ಮೂರು ಮಟ್ಟಗಳು ಬಂದವು. ಪಠ್ಯಕ್ರಮದ ಎಲ್ಲ ಪ್ರಯೋಗಗಳನ್ನೂ ಇಬ್ಬಿಬ್ಬರು ಸೇರಿ ಮಾಡುವುದಾದರೆ 1,70,000. ಪ್ರತಿಯೊಬ್ಬರೂ ಸ್ವತಃ ಮಾಡುವುದಾದರೆ ಇನ್ನೂ 60,000. ಪರೀಕ್ಷೆಗೆ ಮೊದಲು ಹೆಚ್ಚುವರಿ ಅಭ್ಯಾಸ ಕೊಡುವುದಾದರೆ ಮತ್ತೆ 40,000.

ಉಪಕರಣಗಳಲ್ಲಿ ಸ್ಪೆಕ್ಟ್ರೋಫೋಟೋಮೀಟರಿಗೆ ಮಾತ್ರ ಎಎಂಸಿ ಇಟ್ಟುಕೊಂಡು, ಉಳಿದವನ್ನು ಕೆಟ್ಟಾಗ ರಿಪೇರಿ ಮಾಡಿಸುವುದಾದರೆ 50,000 ಸಾಕು. ಜರ್ನಲ್‌ಗಳ ವಿಷಯಕ್ಕೆ ಬಂದಾಗ, ಕಾಲೇಜಿನ ಗ್ರಂಥಾಲಯ ಈಗಾಗಲೇ ಇನ್‌ಫ್ಲಿಬ್‌ನೆಟ್‌ನ ಎನ್-ಲಿಸ್ಟ್ ಸದಸ್ಯತ್ವ ಪಡೆದಿರುವುದು ನೆನಪಾಯಿತು. ಸಾವಿರಾರು ಇ-ಜರ್ನಲ್‌ಗಳು ಅದರಲ್ಲೇ ಇವೆ. ಮುದ್ರಿತ ಪ್ರತಿಗಳಲ್ಲಿ ಯಾರೂ ತೆರೆಯದ್ದನ್ನು ಬಿಟ್ಟು, ಉಳಿದ 45,000ದ ಚಂದಾ ಪಟ್ಟಿಯ ಕೊನೆಗೆ ಹೋಯಿತು. ಇಷ್ಟು ವರ್ಷ ಹಾಳೆಯಲ್ಲೇ ಇಲ್ಲದಿದ್ದ ಸುರಕ್ಷತೆ ಮತ್ತು ತ್ಯಾಜ್ಯ ವಿಲೇವಾರಿ ಎರಡನೇ ಸ್ಥಾನಕ್ಕೆ ಬಂತು.

| ಕ್ರಮ | ಪ್ಯಾಕೇಜ್ | ವೆಚ್ಚ (ರೂ.) | ಕೂಡುತ್ತಾ ಬಂದ ಮೊತ್ತ (ರೂ.) |
|---|---|---|---|
| 1 | ಲ್ಯಾಬ್: ಕನಿಷ್ಠ ಮಟ್ಟ | 1,70,000 | 1,70,000 |
| 2 | ಸುರಕ್ಷತೆ, ತ್ಯಾಜ್ಯ ವಿಲೇವಾರಿ | 35,000 | 2,05,000 |
| 3 | ಉಪಕರಣ ನಿರ್ವಹಣೆ | 50,000 | 2,55,000 |
| 4 | ಲ್ಯಾಬ್: ಒಬ್ಬೊಬ್ಬರೇ ಪ್ರಯೋಗ | 60,000 | 3,15,000 |
| 5 | ಸ್ಟೇಷನರಿ, ಇತರೆ | 20,000 | 3,35,000 |
| 6 | ಪಠ್ಯಪುಸ್ತಕ, ಅತಿಥಿ ಉಪನ್ಯಾಸ | 30,000 | 3,65,000 |
| 7 | ಐದು ಹೊಸ ಕಂಡಕ್ಟಿವಿಟಿ ಮೀಟರ್ | 60,000 | 4,25,000 |
| 8 | ಹತ್ತಿರದ ಡೇರಿ, ನೀರು ಶುದ್ಧೀಕರಣ ಘಟಕಕ್ಕೆ ಭೇಟಿ | 12,000 | 4,37,000 |
| 9 | ಲ್ಯಾಬ್: ಹೆಚ್ಚುವರಿ ಅಭ್ಯಾಸ | 40,000 | 4,77,000 |
| 10 | ಒಂದು ದಿನದ ಸೆಮಿನಾರ್ | 50,000 | 5,27,000 |
| 11 | ಭೇಟಿಯನ್ನು ದೂರದ ಕಾರ್ಖಾನೆಗೆ ವಿಸ್ತರಿಸುವುದು | 18,000 | 5,45,000 |
| 12 | ಮುದ್ರಿತ ಜರ್ನಲ್ | 45,000 | 5,90,000 |

ಒಟ್ಟು ಮೊತ್ತ ಕಳೆದ ವರ್ಷದ 6,00,000ಕ್ಕಿಂತ ಹೆಚ್ಚೇನೂ ಕಡಿಮೆಯಿಲ್ಲ ಎಂಬುದನ್ನು ಗಮನಿಸಿ. ಸೊನ್ನೆಯಿಂದ ಶುರುಮಾಡಿದರೆ ಖರ್ಚು ಇಳಿದೇ ಇಳಿಯುತ್ತದೆ ಎಂದು ಆಡಳಿತ ಮಂಡಳಿಗಳು ನಂಬಿರುತ್ತವೆ. ಹಾಗೇನೂ ಇಲ್ಲ. ಮೊತ್ತದೊಳಗೆ ಏನಿದೆ ಎಂಬುದು ಬದಲಾಗುತ್ತದೆ, ಅಷ್ಟೇ.

ಎರಡೂ ಪದ್ಧತಿಗಳ ವ್ಯತ್ಯಾಸ ಎದ್ದು ಕಾಣುವುದು ಹಣ ಕಡಿಮೆಯಾದಾಗ. ಈ ವರ್ಷ ಪ್ರವೇಶ ಕುಸಿದಿದೆ, 5,00,000ಕ್ಕಿಂತ ಹೆಚ್ಚು ಕೊಡಲಾಗದು ಎಂದು ಮಂಡಳಿ ಹೇಳಿತು ಎನ್ನಿ. ಹಳೆಯ ಪದ್ಧತಿಯಲ್ಲಿ ಎಲ್ಲ ಸಾಲುಗಳಿಂದಲೂ ಆರನೇ ಒಂದು ಪಾಲು ಕತ್ತರಿಸುತ್ತಾರೆ. ಮುಗಿದುಹೋದ ಸಂಕಿರಣಕ್ಕೆ 83,000 ಉಳಿಯುತ್ತದೆ, ಬಳಸದ ಯಂತ್ರವೂ ಸೇರಿದ ಎಎಂಸಿಗೆ 75,000 ಉಳಿಯುತ್ತದೆ, ಸುರಕ್ಷತೆಗೆ ಆಗಲೂ ಏನೂ ಇಲ್ಲ. ಹೊಸ ಪಟ್ಟಿಯಲ್ಲಿ ಗೆರೆ ಒಂಬತ್ತನೆಯದರ ಕೆಳಗೆ ಬೀಳುತ್ತದೆ. ಸೆಮಿನಾರ್, ದೂರದ ಪ್ರವಾಸ, ಮುದ್ರಿತ ಜರ್ನಲ್ ಹೋಗುತ್ತವೆ, ಲ್ಯಾಬ್ ಪೂರ್ತಿ ಉಳಿಯುತ್ತದೆ. ಮಿಕ್ಕ 23,000ವನ್ನು ಹನ್ನೊಂದನೆಯದಕ್ಕೆ ಕೊಟ್ಟುಬಿಡೋಣ ಎನ್ನಿಸಬಹುದು. ಕೊಡದಿರುವುದು ಲೇಸು. ಹಳೆಯ ಅಂದಾಜಿನಲ್ಲಿ ಅಲ್ಲಲ್ಲಿ ಸಡಿಲ ಇರುತ್ತಿತ್ತು, ಗಾಜು ಒಡೆದಾಗ, ಬೆಲೆ ಏರಿದಾಗ ಅದೇ ಕೈಹಿಡಿಯುತ್ತಿತ್ತು. ಲೆಕ್ಕ ಬಿಗಿಯಾದ ಮೇಲೆ ಆ ಸಡಿಲವನ್ನು ಬೇರೆಯಾಗಿಯೇ ಎತ್ತಿಡಬೇಕಾಗುತ್ತದೆ.

ಸೊನ್ನೆ ನಿಜವಾಗಿ ಸೊನ್ನೆಯಲ್ಲ

ಇಲ್ಲಿಯವರೆಗೆ ಒಂದು ದೊಡ್ಡ ವೆಚ್ಚವನ್ನು ಪಕ್ಕಕ್ಕಿಟ್ಟೇ ಮಾತಾಡಿದ್ದೇವೆ. ಯುಜಿಸಿಯ ಏಳನೇ ವೇತನ ಶ್ರೇಣಿಯಲ್ಲಿ ಸಹಾಯಕ ಪ್ರಾಧ್ಯಾಪಕರ ಆರಂಭದ ಮೂಲ ವೇತನ ತಿಂಗಳಿಗೆ 57,700 ರೂಪಾಯಿ. ವಿಭಾಗದಲ್ಲಿ ನಾಲ್ವರಿದ್ದರೆ, ತುಟ್ಟಿಭತ್ಯೆ ಬಿಟ್ಟು ಮೂಲ ವೇತನವೇ ವರ್ಷಕ್ಕೆ 27 ಲಕ್ಷ ದಾಟುತ್ತದೆ. ಅನುದಾನಿತ ಹುದ್ದೆಯಾದರೆ ಆ ಹಣ ಸರ್ಕಾರದಿಂದ ಬರುತ್ತದೆ. ಅದನ್ನು ಪ್ಯಾಕೇಜ್ ಮಾಡುವ, ಕ್ರಮ ಹಚ್ಚುವ ಅಧಿಕಾರ ವಿಭಾಗದ ಮುಖ್ಯಸ್ಥರಿಗಾಗಲಿ ಪ್ರಾಂಶುಪಾಲರಿಗಾಗಲಿ ಇಲ್ಲ. ಹಾಗಾಗಿ ವಿಭಾಗದ ಮಟ್ಟದಲ್ಲಿ ಶೂನ್ಯಾಧಾರಿತ ಬಜೆಟ್ ಎಂದರೆ ನಿಜವಾದ ಒಟ್ಟು ವೆಚ್ಚದ ಐದನೇ ಒಂದು ಪಾಲಿಗಿಂತಲೂ ಚಿಕ್ಕ ತುಂಡಿನ ಮೇಲೆ ನಡೆಯುವ ಕಸರತ್ತು. ಎಷ್ಟು ಶ್ರಮ ಹಾಕಬೇಕು ಎಂದು ತೀರ್ಮಾನಿಸುವಾಗ ಈ ಗಾತ್ರ ನೆನಪಿರಬೇಕು.

ಶ್ರಮವೂ ಸಣ್ಣದಲ್ಲ. ಜಾರ್ಜಿಯಾದ ಅನುಭವವನ್ನು 1977ರಲ್ಲಿ ಟೀಕಿಸಿದ ಹಾರ್ವರ್ಡ್‌ನ ಪ್ರಾಧ್ಯಾಪಕ ರಾಬರ್ಟ್ ಆಂಥನಿ ಒಂದು ಸರಳ ಲೆಕ್ಕ ಹಾಕಿದ್ದರು. ಗವರ್ನರ್ ಮುಂದೆ ಬಂದ ಪ್ಯಾಕೇಜುಗಳು ಸುಮಾರು 11,000. ಎರಡು ತಿಂಗಳು, ದಿನಕ್ಕೆ ನಾಲ್ಕು ತಾಸು ಕೂತರೂ ಒಂದೊಂದಕ್ಕೆ ಸಿಗುವುದು ಒಂದು ನಿಮಿಷ. ಅದೇ ವರ್ಷ ಅಧ್ಯಕ್ಷರಾದ ಕಾರ್ಟರ್ ಇಡೀ ಕೇಂದ್ರ ಸರ್ಕಾರಕ್ಕೆ ಇದೇ ಪದ್ಧತಿ ತಂದರು. 1981ರಲ್ಲಿ ರೇಗನ್ ಆಡಳಿತ ಅದನ್ನು ಕೈಬಿಟ್ಟಿತು. ಒಂದು ವಿಭಾಗದ ಹನ್ನೆರಡು ಪುಟಗಳನ್ನು ಯಾರಾದರೂ ಕೂತು ಓದಬಹುದು. ಇಪ್ಪತ್ತು ವಿಭಾಗಗಳಿಂದ ತಲಾ ಹನ್ನೆರಡು ಬಂದರೆ ಪ್ರಾಂಶುಪಾಲರ ಮೇಜಿನ ಮೇಲೂ ಜಾರ್ಜಿಯಾದ ಕಥೆಯೇ.

ತಂತ್ರಗಾರಿಕೆ, ಅದನ್ನು ಕಂಡುಹಿಡಿಯುವ ಬಗೆ

ಓದುವವರಿಗೆ ಪುರುಸೊತ್ತಿಲ್ಲ ಎಂದು ಬರೆಯುವವರಿಗೆ ಗೊತ್ತಾದ ಕೂಡಲೇ ಆಟ ಶುರುವಾಗುತ್ತದೆ. ಅದರಲ್ಲಿ ಪ್ರಸಿದ್ಧವಾದದ್ದು ಕ್ರಮ ತಿರುಗಿಸುವ ಆಟ. ಯಾರೂ ಬೇಡ ಎನ್ನಲಾಗದ ಕೆಲಸವನ್ನು ಬೇಕೆಂದೇ ಪಟ್ಟಿಯ ಕೆಳಗೆ ಇಡುವುದು. ವಿಶ್ವವಿದ್ಯಾಲಯದ ಪ್ರಾಯೋಗಿಕ ಪರೀಕ್ಷೆಗೆ ಬೇಕಾದ ರಾಸಾಯನಿಕಗಳನ್ನು ಹನ್ನೊಂದನೆಯದಾಗಿ, ಪ್ರವಾಸವನ್ನು ನಾಲ್ಕನೆಯದಾಗಿ ಬರೆದರೆ ಮಂಡಳಿ ಗೆರೆಯನ್ನು ಕೆಳಕ್ಕೆ ಇಳಿಸಲೇಬೇಕು, ನಡುವಿನದೆಲ್ಲ ಪುಕ್ಕಟೆ ಪಾಸಾಗುತ್ತದೆ. ನಿಲ್ಲಿಸಿದರೆ ಮರುದಿನವೇ ಗಲಾಟೆಯಾಗುವಂಥ ಕೆಲಸ ಪಟ್ಟಿಯ ಕೊನೆಯಲ್ಲಿ ಕಂಡರೆ ಅದು ಪ್ರಾಮಾಣಿಕ ಕ್ರಮವಲ್ಲ ಎಂದೇ ತಿಳಿಯಬೇಕು.

ಎರಡನೆಯದು ಹಳೆಯ ಬಜೆಟ್ಟಿಗೆ ಹೊಸ ವೇಷ ಹಾಕುವುದು. ಕನಿಷ್ಠ ಮಟ್ಟಗಳೆಲ್ಲ ಕಳೆದ ವರ್ಷದ ಸರಿಯಾಗಿ ಶೇಕಡಾ 80 ಆಗಿದ್ದರೆ, ಯಾರೂ ಬ್ಯೂರೆಟ್ಟಿನ ತನಕ ಇಳಿದು ಲೆಕ್ಕ ಹಾಕಿಲ್ಲ, ಕಳೆದ ವರ್ಷವನ್ನು 0.8ರಿಂದ ಗುಣಿಸಿದ್ದಾರೆ. ‘ಬೇರೆ ದಾರಿ’ ಎಂಬ ಅಂಕಣದಲ್ಲಿ ಎಲ್ಲ ಪುಟಗಳಲ್ಲೂ ‘ಇಲ್ಲ’ ಎಂದಿದ್ದರೂ ಅದೇ ಅರ್ಥ. ಅಟೆಂಡರ್ ನಿತ್ಯ ಬರೆಯುವ ಸ್ಟಾಕ್ ರಿಜಿಸ್ಟರ್ ಮತ್ತು ಬ್ರೇಕೇಜ್ ರಿಜಿಸ್ಟರ್ ಸರಿಯಿಲ್ಲದ ವಿಭಾಗದಲ್ಲಿ ಇದಕ್ಕಿಂತ ಹೆಚ್ಚಿನದನ್ನು ನಿರೀಕ್ಷಿಸುವುದೂ ತಪ್ಪು. ಬಳಕೆಯ ದಾಖಲೆ ಇಲ್ಲದ ಕಡೆ ಸೊನ್ನೆಯಿಂದ ಕಟ್ಟಿದ್ದೂ ಅಂದಾಜೇ, ಏರಿಕೆಯೂ ಅಂದಾಜೇ.

ಮೂರು ವರ್ಷಕ್ಕೊಮ್ಮೆ, ಒಂದು ಷರತ್ತಿನ ಮೇಲೆ

ಹಾಗಾದರೆ ಕಾಲೇಜೊಂದು ಏನು ಮಾಡಬೇಕು? ಪ್ರತಿ ವಿಭಾಗವೂ ಪ್ರತಿ ವರ್ಷ ಸೊನ್ನೆಯಿಂದ ಶುರುಮಾಡುವುದು ದಂಡ. ಸಿಲ್ವರ್ ನೈಟ್ರೇಟಿನ ಸಾಂದ್ರತೆಯನ್ನು ಒಮ್ಮೆ ಸರಿಪಡಿಸಿದರೆ ಮುಂದಿನ ವರ್ಷ ಅದರಲ್ಲಿ ಮತ್ತೆ ಹುಡುಕುವುದು ಏನೂ ಇರುವುದಿಲ್ಲ. ವಿಭಾಗಗಳನ್ನು ಮೂರು ಗುಂಪು ಮಾಡಿ, ವರ್ಷಕ್ಕೊಂದು ಗುಂಪಿಗೆ ಮಾತ್ರ ಶೂನ್ಯಾಧಾರಿತ ಪರಿಶೀಲನೆ ಇಟ್ಟುಕೊಂಡು, ಉಳಿದೆರಡು ವರ್ಷ ಅದೇ ತಳಹದಿಯ ಮೇಲೆ ಏರಿಕೆ ಕೊಡುವುದು ಸಾಕು. ಪಠ್ಯಕ್ರಮ ಬದಲಾದ ವರ್ಷ ಆ ವಿಭಾಗದ ಸರದಿ ತಾನಾಗಿ ಮುಂದೆ ಬರಬೇಕು. ಏರಿಕೆಯ ವರ್ಷಗಳಲ್ಲೂ ಎರಡು ಕೆಲಸ ತಪ್ಪದೆ ಆಗಬೇಕು: ಒಂದೇ ಸಲದ ಖರ್ಚನ್ನು ತಳಹದಿಯಿಂದ ತೆಗೆಯುವುದು, ಹೊಸ ಅಗತ್ಯಕ್ಕೆ ಒಂದು ಖಾಲಿ ಸಾಲು ಬಿಡುವುದು.

ಇದಕ್ಕೆಲ್ಲ ಮೊದಲು ಇತ್ಯರ್ಥವಾಗಬೇಕಾದ ಪ್ರಶ್ನೆ ಬೇರೊಂದಿದೆ. ಉಳಿಸಿದ ಹಣ ಯಾರಿಗೆ? ಲ್ಯಾಬಿನಲ್ಲಿ 60,000 ಕಡಿಮೆ ಸಾಕು ಎಂದು ವಿಭಾಗ ತಾನಾಗಿ ತೋರಿಸಿಕೊಟ್ಟಿತು. ಮಂಡಳಿ ಅದನ್ನು ಎತ್ತಿಕೊಂಡು ಸಾಮಾನ್ಯ ನಿಧಿಗೆ ಹಾಕಿದರೆ, ಮೂರು ವರ್ಷದ ನಂತರದ ಪರಿಶೀಲನೆಯಲ್ಲಿ ಅಂಥ ಒಂದು ಪುಟವೂ ಬರುವುದಿಲ್ಲ. ಹಣ ವಾಪಸು ಹೋಗದಿರಲಿ ಎಂದು ಮಾರ್ಚ್ ಕೊನೆಯ ವಾರದಲ್ಲಿ ಸಿಕ್ಕಿದ್ದನ್ನೆಲ್ಲ ಖರೀದಿಸುವ ಅಭ್ಯಾಸ ನಮ್ಮ ಸಂಸ್ಥೆಗಳಲ್ಲಿ ಬೇರೂರಿರುವುದು ಇದೇ ಅನುಭವದಿಂದ. ನಮ್ಮ ಉದಾಹರಣೆಯಲ್ಲಿ ಕಂಡಕ್ಟಿವಿಟಿ ಮೀಟರುಗಳ ಬೆಲೆಯೂ 60,000 ಎಂಬುದನ್ನು ನೋಡಿ. ಲ್ಯಾಬಿನಲ್ಲಿ ಉಳಿದದ್ದು ಅದೇ ಲ್ಯಾಬಿನ ಮೀಟರಾಗಿ ಬರುತ್ತದೆ ಎಂಬ ಭರವಸೆ ಇದ್ದುದರಿಂದಲೇ ಆ ಉಳಿತಾಯ ಹೊರಬಿತ್ತು.

ಉಳಿತಾಯದ ಅರ್ಧವನ್ನಾದರೂ ಎರಡು ವರ್ಷ ವಿಭಾಗದಲ್ಲೇ ಬಿಡುತ್ತೇವೆ ಎಂದು ಆಡಳಿತ ಮಂಡಳಿ ಮೊದಲೇ ಬರೆದುಕೊಡಬೇಕು. ಅದಕ್ಕೆ ಸಿದ್ಧವಿಲ್ಲದಿದ್ದರೆ, ಹಳೆಯ ಹಾಳೆಯ ಮೇಲೆ ಶೇಕಡಾ 5 ಹಾಕಿ ಕಳಿಸುವುದೇ ಮೇಲು. ಅದರಲ್ಲಿ ಸಿಗುವ ಮಾಹಿತಿ ಎರಡನೆಯದರಷ್ಟೇ ಕಡಿಮೆ, ಆದರೆ ವ್ಯರ್ಥವಾಗುವುದು ಒಂದು ಮಧ್ಯಾಹ್ನ ಮಾತ್ರ.